‘ಷರ್ಲಾಕ್’ನಲ್ಲಿ ಕಂತುಗಳೆಷ್ಟು?

ಬಿಬಿಸಿಯ ‘ಷರ್ಲಾಕ್’ನಲ್ಲಿ ಎಷ್ಟು ಕಂತುಗಳಿವೆ ಎಂದು ಮೂವರನ್ನು ಕೇಳಿ ನೋಡಿ. ಒಬ್ಬರು 12 ಎನ್ನುತ್ತಾರೆ, ಇನ್ನೊಬ್ಬರು 13, ಡಿವಿಡಿ ಕೊಂಡವರು 14 ಎಂದರೂ ಅನ್ನಬಹುದು. ಮೂವರ ಲೆಕ್ಕಕ್ಕೂ ಆಧಾರವಿದೆ. ಯಾರು ಯಾವುದನ್ನು ಕಂತು ಎಂದು ಎಣಿಸುತ್ತಾರೆ ಎನ್ನುವುದರ ಮೇಲೆ ಉತ್ತರ ನಿಂತಿದೆ.

ಕನ್ನಡ ದೈನಿಕ ಧಾರಾವಾಹಿ ನೋಡಿ ಬೆಳೆದ ನಮಗೆ ಈ ತಾಪತ್ರಯ ಇರಲಿಲ್ಲ. ಮೊದಲ ದಿನ ಒಂದನೇ ಕಂತು, ಆಮೇಲೆ ನೂರು, ಐನೂರು, ಸಾವಿರ. ಕಥೆ ಮುಗಿಯುವವರೆಗೆ ಒಂದೇ ಎಣಿಕೆ. ‘ಸೀಸನ್’ ಎಂಬ ಪದ ನಮ್ಮ ಮನೆಗಳಲ್ಲಿ ಚೆನ್ನಾಗಿ ಬಳಕೆಗೆ ಬಂದದ್ದು ಬಿಗ್ ಬಾಸ್‌ನಂಥ ಕಾರ್ಯಕ್ರಮಗಳಿಂದ. ಒಂದು ಗುಂಪು ಕಂತುಗಳು ಮುಗಿದು, ಬಿಡುವು ಕೊಟ್ಟು, ಮತ್ತೊಂದು ಗುಂಪು ಶುರುವಾದರೆ ಪ್ರತಿ ಗುಂಪೂ ಒಂದು ಸೀಸನ್.

ಹೀಗೆ ಹೇಳುವುದು ಅಮೆರಿಕದ ರೂಢಿ. ಅಲ್ಲಿ ‘ಸೀರೀಸ್’ ಎಂದರೆ ಮೊದಲ ಕಂತಿನಿಂದ ಕೊನೆಯ ಕಂತಿನವರೆಗಿನ ಇಡೀ ಕಾರ್ಯಕ್ರಮ. ಬ್ರಿಟನ್ನಿನಲ್ಲಿ ಆ ಒಂದು ಗುಂಪನ್ನೇ ‘ಸೀರೀಸ್’ ಎನ್ನುತ್ತಾರೆ. ‘ಷರ್ಲಾಕ್’ ಬ್ರಿಟನ್ನಿನದು. 2010, 2012, 2014 ಮತ್ತು 2017ರಲ್ಲಿ ತಲಾ ಮೂರು ಕಂತಿನಂತೆ ನಾಲ್ಕು ಸೀರೀಸ್ ಬಂದವು. ಒಂದೊಂದು ಕಂತೂ ಸುಮಾರು ಒಂದೂವರೆ ಗಂಟೆಯದು. ಹಾಗಾಗಿ ಡಿವಿಡಿ ಪೆಟ್ಟಿಗೆಯ ಮೇಲೆ ‘ಸೀರೀಸ್ 3’ ಎಂದಿದ್ದರೆ ಅದು ನೀವು ಹುಡುಕುತ್ತಿರುವ ಮೂರನೇ ಸೀಸನ್ನೇ. ‘ಕಂಪ್ಲೀಟ್ ಸೀರೀಸ್ 3’ ಎಂಬ ಬರಹ ಕಂಡರೆ ತುಸು ಎಚ್ಚರ ಬೇಕು. ಅದರಲ್ಲಿ ಸಿಗುವುದು ಮೂರನೆಯದರ ಮೂರೂ ಕಂತು, ಇಡೀ ಕಾರ್ಯಕ್ರಮವಲ್ಲ.

ಇಲ್ಲಿಗೆ ಲೆಕ್ಕ 12 ಆಯಿತು. ಹದಿನಾಲ್ಕು ಎಂದವರು ಸೇರಿಸಿಕೊಂಡದ್ದರಲ್ಲಿ ಒಂದು ಪೈಲಟ್. ವಾಹಿನಿಯವರು ಪೂರ್ತಿ ಹಣ ಹಾಕುವ ಮುನ್ನ ಒಂದು ಮಾದರಿ ಕಂತು ಮಾಡಿಸಿ ನೋಡುತ್ತಾರೆ: ಪಾತ್ರಧಾರಿಗಳು ಹೊಂದುತ್ತಾರೆಯೇ, ಕಥೆಯ ಓಟ ಸರಿಯಿದೆಯೇ, ಎಷ್ಟು ಅವಧಿ ಬೇಕು? ಅನೇಕ ಸಲ ಅದೇ ಮೊದಲ ಕಂತಾಗಿ ಪ್ರಸಾರವಾಗುತ್ತದೆ. ‘ಬ್ರೇಕಿಂಗ್ ಬ್ಯಾಡ್’ನ ಮೊದಲ ಕಂತಿನ ಹೆಸರೇ ‘ಪೈಲಟ್’. ಅದನ್ನು ನೋಡಿ ವಿಮಾನದ ಕಥೆ ಎಂದುಕೊಂಡವರೂ ಇದ್ದಾರು!

‘ಷರ್ಲಾಕ್’ನ ಪೈಲಟ್‌ಗೆ ಆ ಭಾಗ್ಯ ಸಿಗಲಿಲ್ಲ. 2009ರಲ್ಲಿ ಒಂದು ಗಂಟೆಯ ಮಾದರಿ ತಯಾರಾಯಿತು. ಬಿಬಿಸಿ ಅದನ್ನು ನೋಡಿ, ಒಂದೂವರೆ ಗಂಟೆಯ ಮೂರು ಕಂತು ಮಾಡಿ ಎಂದಿತು. ಅರ್ಧ ಗಂಟೆಯ ದೃಶ್ಯ ತುರುಕಿದರೆ ಸಾಲುವಂತಿರಲಿಲ್ಲ. ಬೇರೆ ನಿರ್ದೇಶಕರೊಂದಿಗೆ ಹೊಸದಾಗಿ ಚಿತ್ರೀಕರಣವಾಯಿತು. ಅದೇ ಮೊದಲ ಕಂತು, ‘ಎ ಸ್ಟಡಿ ಇನ್ ಪಿಂಕ್’. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಸೊಗಸಾದ ಪಾಠ. ನಾಯಕರು ಅವರೇ, ಕೊಲೆಗಾರನೂ ಅವನೇ. ಆದರೆ ಪೈಲಟ್‌ನಲ್ಲಿ ಅಣ್ಣ ಮೈಕ್ರಾಫ್ಟ್ ಇಲ್ಲ, ಮೊರಿಯಾರ್ಟಿಯ ಸುಳಿವಿಲ್ಲ. ಷರ್ಲಾಕ್ ಯೋಚಿಸುವಾಗ ಪರದೆಯ ಮೇಲೆ ತೇಲುವ ಅಕ್ಷರಗಳೂ ಇಲ್ಲ. ಈ ಪೈಲಟ್ ಡಿವಿಡಿಯಲ್ಲಿ ಹೆಚ್ಚುವರಿಯಾಗಿ ಬಂತೇ ಹೊರತು ಟಿವಿಯ ಕಂತಾಗಲಿಲ್ಲ. ನನ್ನ ಲೆಕ್ಕದಲ್ಲಿ ಅದನ್ನು ಎಣಿಸುವಂತಿಲ್ಲ. ಮೊದಲು ಅದನ್ನೇ ನೋಡಿದರೆ, ಒಳ್ಳೆಯ ಕಂತಿನ ಗುಟ್ಟು ಸುಮ್ಮನೆ ರಟ್ಟಾಗುತ್ತದೆ.

ಉಳಿದದ್ದು ಸ್ಪೆಷಲ್, ಅಂದರೆ ಯಾವ ಸೀರೀಸಿಗೂ ಸೇರದೆ ಒಂಟಿಯಾಗಿ ಬರುವ ಕಂತು. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್, ಹೊಸ ವರ್ಷ ಬಂತೆಂದರೆ ಜನಪ್ರಿಯ ಕಾರ್ಯಕ್ರಮಗಳು ಇಂಥದ್ದೊಂದನ್ನು ಮಾಡುವುದು ವಾಡಿಕೆ. 2016ರ ಜನವರಿ 1ರಂದು ‘ದಿ ಅಬಾಮಿನಬಲ್ ಬ್ರೈಡ್’ ಬಂತು. ಮೊಬೈಲ್ ಹಿಡಿದು ಓಡಾಡುತ್ತಿದ್ದ ಷರ್ಲಾಕ್ ಇಲ್ಲಿ 1895ರ ಲಂಡನ್ನಿನಲ್ಲಿ ಕುದುರೆ ಗಾಡಿ ಹತ್ತುತ್ತಾನೆ. ಅದೇ ವರ್ಷ ಇದಕ್ಕೆ ಎಮ್ಮಿ ಪ್ರಶಸ್ತಿ ಸಿಕ್ಕಿದ್ದು ಟಿವಿ ಚಿತ್ರ ಎಂಬ ವಿಭಾಗದಲ್ಲಿ.

ತೊಡಕು ಇರುವುದು ಇಲ್ಲಿಯೇ. ಸ್ಪೆಷಲ್ ಎಂದರೆ ನೋಡದಿದ್ದರೂ ನಡೆಯುತ್ತದೆ ಎಂದು ಹಲವರು ದಾಟಿಬಿಡುತ್ತಾರೆ. ಎಷ್ಟೋ ಸ್ಪೆಷಲ್‌ಗಳ ಮಟ್ಟಿಗೆ ಅದು ನಿಜ. ಇದರ ಮಟ್ಟಿಗೆ ಅಲ್ಲ. ಮೂರನೇ ಸೀರೀಸ್ ಒಂದು ವಿಮಾನದ ದೃಶ್ಯದಲ್ಲಿ ಮುಗಿಯುತ್ತದೆ. ಹಳೆಯ ಲಂಡನ್ನಿನ ವೇಷ ಕಳಚಿದಾಗ ಈ ಕಥೆ ಹೋಗಿ ಸೇರುವುದು ಅದೇ ವಿಮಾನಕ್ಕೆ. ನಾಲ್ಕನೆಯದು ಅಲ್ಲಿಂದ ಮುಂದುವರಿಯುತ್ತದೆ. ನೋಡಬೇಕಾದ ಜಾಗ ಮೂರು ಮತ್ತು ನಾಲ್ಕರ ನಡುವೆ.

ಪಟ್ಟಿಗಳಲ್ಲಿ ಮಾತ್ರ ಅದು ಆ ಜಾಗದಲ್ಲಿ ಇರಬೇಕೆಂದಿಲ್ಲ. ಕೆಲವು ಕಡೆ ಸ್ಪೆಷಲ್‌ಗಳನ್ನೆಲ್ಲ ಸೊನ್ನೆಯ ಸೀಸನ್ ಎಂದು ಬೇರೆ ಹಾಕಿರುತ್ತಾರೆ. S03E03 ಎಂದರೆ ಮೂರನೇ ಸೀಸನ್ನಿನ ಮೂರನೇ ಕಂತು, S00 ಎಂದು ಶುರುವಾದರೆ ಸ್ಪೆಷಲ್. ಗೊಂದಲವಾದರೆ ಸಂಖ್ಯೆ ಬಿಟ್ಟು ಮೊದಲ ಪ್ರಸಾರದ ದಿನಾಂಕ ನೋಡಿ. 2014, 2016, 2017 ಎಂದು ಜೋಡಿಸಿಕೊಂಡರೆ ವಧು ತನ್ನ ಜಾಗದಲ್ಲಿ ಬಂದು ಕೂರುತ್ತಾಳೆ, ಲೆಕ್ಕ 13ಕ್ಕೆ ನಿಲ್ಲುತ್ತದೆ.