ಮಾಡದ ಊಟಕ್ಕೆ ಕಡಿತವಾಗುವ ಅರ್ಧ ಗಂಟೆ

ಪತ್ರಿಕೋದ್ಯಮಕ್ಕೆ ಬರುವ ಮುಂಚೆ ನಾನು ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳಿಗೆ ಪೇರೋಲ್ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿದ್ದೆ. ಅಲ್ಲಿನ ನರ್ಸ್‌ಗಳು, ವಾರ್ಡ್ ಸಹಾಯಕರಲ್ಲಿ ಹೆಚ್ಚಿನವರಿಗೆ ಗಂಟೆ ಲೆಕ್ಕದ ಸಂಬಳ. ಊಟದ ಅರ್ಧ ಗಂಟೆಗೆ ಸಂಬಳವಿಲ್ಲ. ಊಟಕ್ಕೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಪಂಚ್ ಮಾಡಬೇಕು. ಆದರೆ ಜನ ಮರೆಯುತ್ತಾರೆ. ಹಾಗಾಗಿ ಅನೇಕ ಕಡೆ ಪಂಚ್ ಗೊಡವೆಯನ್ನೇ ಬಿಟ್ಟು, ಇಂಥದೊಂದು ನಿಯಮ ಹಾಕಿರುತ್ತಾರೆ:

```
if shift_hours > 6:
    paid_hours = shift_hours - 0.5
```

ಶಿಫ್ಟ್ ಆರು ಗಂಟೆ ದಾಟಿದರೆ ಅರ್ಧ ಗಂಟೆ ತಾನಾಗಿಯೇ ಕಡಿತ. ನೋಡೋಕೆ ಸರಳ. ಆದರೆ ಈ ಎರಡು ಸಾಲಿನಲ್ಲಿ ಒಂದು ತೀರ್ಮಾನ ಅಡಗಿದೆ. ದಾಖಲೆ ಇಲ್ಲ ಎಂದರೆ ಊಟ ಮಾಡಿದ್ದಾರೆ, ಪಂಚ್ ಮಾಡೋದನ್ನ ಮಾತ್ರ ಮರೆತಿದ್ದಾರೆ ಅಂತ ಅದು ಮೊದಲೇ ನಿರ್ಧರಿಸಿಬಿಟ್ಟಿದೆ. ಪಂಚ್ ಇಲ್ಲದಿರೋದಕ್ಕೆ ಎರಡು ಕಾರಣ ಇರಬಹುದು: ಊಟ ಮಾಡಿ ಮರೆತದ್ದು, ಇಲ್ಲವೇ ಊಟಕ್ಕೆ ಪುರಸೊತ್ತೇ ಸಿಗದೇ ಹೋದದ್ದು. ಯಂತ್ರದಲ್ಲಿ ಎರಡೂ ಒಂದೇ ಥರ ಖಾಲಿ ಕಾಣುತ್ತವೆ.

ಕಾನೂನು ಯಾವುದನ್ನು ಊಟದ ಬಿಡುವು ಅನ್ನುತ್ತದೆ?

ಅಮೆರಿಕದ ಕೇಂದ್ರ ಕಾರ್ಮಿಕ ಕಾನೂನಿನ ನಿಯಮಾವಳಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಊಟದ ಬಿಡುವಿಗೆ ಸಂಬಳ ಕೊಡದೇ ಇರಬೇಕಾದರೆ ಅದು ಸಾಮಾನ್ಯವಾಗಿ ಕನಿಷ್ಠ 30 ನಿಮಿಷ ಇರಬೇಕು, ಮತ್ತು ಆ ಹೊತ್ತಿನಲ್ಲಿ ನೌಕರರು ಕೆಲಸದಿಂದ ಪೂರ್ತಿ ಮುಕ್ತರಾಗಿರಬೇಕು. ತಿನ್ನುತ್ತಲೇ ಫೋನ್ ಎತ್ತಬೇಕು, ಮಾನಿಟರ್ ಮೇಲೆ ಕಣ್ಣಿಡಬೇಕು ಅಂದರೆ ಅದು ಕೆಲಸದ ಸಮಯವೇ. 5ರಿಂದ ಸುಮಾರು 20 ನಿಮಿಷದ ಚಿಕ್ಕ ಬಿಡುವಿಗೂ ಸಂಬಳ ಕೊಡಬೇಕು.

ತಾನಾಗಿಯೇ ಆಗುವ ಕಡಿತವನ್ನು ಕೇಂದ್ರ ಕಾನೂನು ನಿಷೇಧಿಸಿಲ್ಲ. ಆದರೆ ನಿಜಕ್ಕೂ ನಡೆದ ಕೆಲಸಕ್ಕೆ ಹಣ ಸಂದಾಯವಾಗಬೇಕು, ಸಮಯದ ದಾಖಲೆ ಇಡುವ ಹೊಣೆ ಮಾಲೀಕರದ್ದೇ. 1946ರ ಮೌಂಟ್ ಕ್ಲೆಮೆನ್ಸ್ ಪಾಟರಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಾಲೀಕರ ದಾಖಲೆ ಸರಿಯಿಲ್ಲದಿದ್ದರೆ ಕಾರ್ಮಿಕರು ನಿಮಿಷ ನಿಮಿಷದ ಲೆಕ್ಕ ಕೊಡಬೇಕಿಲ್ಲ, ನಂಬುವಂಥ ಅಂದಾಜು ಕೊಟ್ಟರೆ ಸಾಕು, ಅದು ತಪ್ಪೆಂದು ತೋರಿಸುವ ಹೊರೆ ಮಾಲೀಕರದ್ದು ಎಂದಿತು.

ಒಂದು ವಾರದ ಲೆಕ್ಕ

ಕಲ್ಪಿತ ಉದಾಹರಣೆ ತಗೊಳ್ಳೋಣ. ಒಬ್ಬ ವಾರ್ಡ್ ಸಹಾಯಕಿ, ಗಂಟೆಗೆ 20 ಡಾಲರ್. ಬೆಳಗ್ಗೆ 7ರಿಂದ ಮಧ್ಯಾಹ್ನ 3:30ರವರೆಗೆ ಶಿಫ್ಟ್, ಅಂದರೆ ಎಂಟೂವರೆ ಗಂಟೆ. ಐದು ದಿನಕ್ಕೆ 42.5 ಗಂಟೆ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಓಟಿ.

ಸೋಮವಾರ, ಮಂಗಳವಾರ ಅವರು ಸರಿಯಾಗಿ ಪಂಚ್ ಮಾಡಿದ್ದಾರೆ, 30 ನಿಮಿಷ ಊಟ. ಬುಧ, ಗುರು, ಶುಕ್ರ ಪಂಚ್ ಇಲ್ಲ. ಕೇಳಿದರೆ ಗೊತ್ತಾಗುತ್ತದೆ: ಬುಧವಾರ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತು ಉಂಡರು, ಪಂಚ್ ಮರೆತರು. ಗುರುವಾರ ಜನ ಕಡಿಮೆ, ವಾರ್ಡಿನ ಮೇಜಿನಲ್ಲೇ ಕೂತು ಕರೆಗಂಟೆಗೆ ಓಗೊಡುತ್ತಾ ತಿಂದರು. ಶುಕ್ರವಾರ ಹೊರಗೆ ಹೋದರು, 15ನೇ ನಿಮಿಷಕ್ಕೆ ಕರೆ ಬಂತು, ವಾಪಸ್ ಬಂದರು.

ತಾನಾಗಿಯೇ ಕಡಿಯುವ ನಿಯಮ ಐದೂ ದಿನ ಅರ್ಧರ್ಧ ಗಂಟೆ ಕಡಿಯುತ್ತದೆ. ಉಳಿಯೋದು ಸರಿಯಾಗಿ 40 ಗಂಟೆ, 800 ಡಾಲರ್, ಓಟಿ ಸೊನ್ನೆ. ಪಂಚ್ ಇದ್ದರೆ ಮಾತ್ರ ಕಡಿತ ಅನ್ನುವ ನಿಯಮದಲ್ಲಿ ಒಂದೇ ಗಂಟೆ ಹೋಗಿ 41.5 ಗಂಟೆ ಉಳಿಯುತ್ತದೆ, 845 ಡಾಲರ್. ಎರಡೂ ತಪ್ಪು. ನಿಜಕ್ಕೂ ಊಟದ ಬಿಡುವು ಸಿಕ್ಕಿದ್ದು ಸೋಮ, ಮಂಗಳ, ಬುಧ, ಮೂರು ದಿನ. 42.5ರಲ್ಲಿ 1.5 ಕಳೆದರೆ 41 ಗಂಟೆ. 40 ಗಂಟೆಗೆ 800, ಒಂದು ಗಂಟೆ ಓಟಿಗೆ 30, ಒಟ್ಟು 830 ಡಾಲರ್.

ಇಲ್ಲಿ ಗಮನಿಸಬೇಕಾದ್ದು, ಶಿಫ್ಟ್ ಕೂಡಿಸಿದ ರೀತಿಯೇ ಕಡಿತವಾದ ಮೇಲೆ ಸರಿಯಾಗಿ 40ಕ್ಕೆ ನಿಲ್ಲುವ ಹಾಗಿದೆ. ಹಾಗಾಗಿ ತಪ್ಪಾಗಿ ಕಡಿದ ಪ್ರತಿ ಅರ್ಧ ಗಂಟೆಯೂ ಓಟಿ ದರದ ಅರ್ಧ ಗಂಟೆ.

ಹಾಗಾದರೆ ಸರಿಯಾದ ದಾರಿ?

ಪಂಚ್ ಇಲ್ಲದ ದಿನವನ್ನು ಕಡಿಯುವ ಮುಂಚೆ ಕೇಳಬೇಕು. ಅದೇ ದಿನ ಶಿಫ್ಟ್ ಮುಗಿಸಿ ಹೊರಡುವ ಪಂಚ್‌ನಲ್ಲೇ ಪ್ರಶ್ನೆ ಬರಲಿ: 'ಇವತ್ತು ಪೂರ್ತಿ 30 ನಿಮಿಷ ಬಿಡುವು ಸಿಕ್ಕಿತಾ? ಎಷ್ಟು ಹೊತ್ತಿಗೆ?' ಒಂದು ವಾರ ಕಳೆದರೆ ಬುಧವಾರ ಯಾವುದು, ಗುರುವಾರ ಯಾವುದು ಅಂತ ಯಾರಿಗೂ ನೆನಪಿರಲ್ಲ. ಹೌದು ಅಂದರೆ ಅವರು ಹೇಳಿದ ಸಮಯ ಬರೆದು ಕಡಿಯಿರಿ. ಇಲ್ಲ ಅಂದರೆ ಕಡಿತ ರದ್ದು. ಮ್ಯಾನೇಜರ್ ಅದನ್ನು ಬದಲಿಸುವುದಾದರೆ ಕಾರಣ ಬರೆಯಬೇಕು, ಬದಲಾದದ್ದು ನೌಕರರಿಗೂ ಕಾಣಬೇಕು.

ಪೇರೋಲ್ ಮುಚ್ಚುವ ಹೊತ್ತಿಗೂ ಉತ್ತರ ಬರದಿದ್ದರೆ? ಕಡಿಯದೆ ಕೊಡಿ, ಆಮೇಲೆ ವಿಚಾರಿಸಿ ಅನ್ನೋದು ನನ್ನ ವಾದ. ಅರ್ಧ ಗಂಟೆ ಜಾಸ್ತಿ ಕೊಟ್ಟದ್ದನ್ನು ಆಸ್ಪತ್ರೆ ಲೆಕ್ಕ ಹಾಕಿ ಸರಿಮಾಡಬಲ್ಲದು, ಅದಕ್ಕೂ ರಾಜ್ಯದ ಕಾನೂನು ನೋಡಬೇಕು. ಕಡಿಮೆ ಸಿಕ್ಕಿದ್ದು ನೌಕರರಿಗೆ ಗೊತ್ತೇ ಆಗದಿರಬಹುದು. ಪದೇ ಪದೇ ಪಂಚ್ ಮರೆಯುವವರಿಗೆ ಎಚ್ಚರಿಕೆ ಪತ್ರ ಕೊಡಬಹುದು. ಮಾಡಿದ ಕೆಲಸದ ಹಣ ಹಿಡಿಯುವಂತಿಲ್ಲ.

ಆದರೆ ನೌಕರರ ಕಡೆಯಿಂದಲೂ ಒಂದು ಮಾತಿದೆ. 2012ರ ಬ್ಯಾಪ್ಟಿಸ್ಟ್ ಮೆಮೋರಿಯಲ್ ಆಸ್ಪತ್ರೆ ಪ್ರಕರಣದಲ್ಲಿ ಒಬ್ಬ ನರ್ಸ್ ಸೋತರು. ಊಟ ತಪ್ಪಿದಾಗ ಬರೆಯಲು ಅಲ್ಲೊಂದು ಪುಸ್ತಕ ಇತ್ತು. ಅವರು ಬರೆದಾಗೆಲ್ಲ ಹಣ ಬಂದಿತ್ತು, ಆಮೇಲೆ ಬರೆಯೋದನ್ನ ಬಿಟ್ಟರು. ಬರೆಯದಿದ್ದರೆ ಆಸ್ಪತ್ರೆಗೆ ಹೇಗೆ ಗೊತ್ತಾಗಬೇಕು ಎಂದಿತು ಮೇಲ್ಮನವಿ ನ್ಯಾಯಾಲಯ. ಅಂದರೆ ರದ್ದು ಮಾಡಿಸುವ ದಾರಿ ಇದ್ದಾಗ ಅದನ್ನು ಬಳಸದೇ ಇದ್ದರೆ ಕೇಸು ನಿಲ್ಲೋದು ಕಷ್ಟ.

ದಾರಿ ಕಾಗದದ ಮೇಲೆ ಮಾತ್ರ ಇದೆಯಾ ಅಂತ ತಿಳಿಯೋದು ಹೇಗೆ? ಎರಡು ಗುರುತು. ಮನುಷ್ಯರು ನಿಜಕ್ಕೂ ಪಂಚ್ ಮಾಡಿದ ಊಟ 31, 34, 38 ನಿಮಿಷ ಹೀಗೆ ಏರುಪೇರಾಗಿರುತ್ತದೆ. ಎಲ್ಲರದ್ದೂ ದಿನಾ ಸರಿಯಾಗಿ 30 ಇದ್ದರೆ ಬರೆದದ್ದು ಯಂತ್ರ. ಇನ್ನೊಂದು, ಜನ ಕಡಿಮೆ ಇದ್ದ ದಿನಗಳಲ್ಲೂ ಒಂದು ವಾರ್ಡಿನಿಂದ ರದ್ದತಿ ಕೋರಿಕೆ ಒಂದೂ ಬಂದಿಲ್ಲ ಅಂದರೆ ಅಲ್ಲಿ ಕೇಳೋಕೆ ಜನ ಹೆದರುತ್ತಿರಬಹುದು.

ನಮ್ಮಲ್ಲಿ ತಿಂಗಳ ಸಂಬಳ, ಇದು ನಮಗೆ ಸಂಬಂಧವಿಲ್ಲ ಅನ್ನಿಸಬಹುದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ನೋಡಿ. ಸತತ 5 ಗಂಟೆ ದುಡಿಮೆಯ ನಂತರ ಕನಿಷ್ಠ 1 ಗಂಟೆ ಬಿಡುವು, ದಿನಕ್ಕೆ 9 ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ಕೂಲಿ. ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಶೋರೂಮಿನಲ್ಲಿ ನಿಲ್ಲುವವರ ಹಾಜರಿಯಲ್ಲಿ 10 ಗಂಟೆ ಇರುತ್ತದೆ, ಊಟದ 1 ಗಂಟೆ ಕಳೆದರೆ ಸರಿಯಾಗಿ 9. ಗಿರಾಕಿ ಬಂದರೆಂದು ಊಟ ಬಿಟ್ಟು ಎದ್ದ ದಿನಗಳನ್ನು ತಾರೀಖು, ಹೊತ್ತು ಸಮೇತ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಓಟಿ ಕೇಳುವ ದಿನ ಮಾಲೀಕರ ರಿಜಿಸ್ಟರ್ ಎದುರು ಇಡೋಕೆ ನಿಮ್ಮ ಕೈಯಲ್ಲಿ ಅದಾದರೂ ಇರಬೇಕು.