ಬಿಲ್ ಬೇಕಾ ಮೇಡಂ?

ಲ್ಯಾಪ್‌ಟಾಪ್ ಆರಿಸಿ ಆಯಿತು, ಬೆಲೆ 60 ಸಾವಿರ. ಅಂಗಡಿಯವರು ದನಿ ತಗ್ಗಿಸಿ ಕೇಳುತ್ತಾರೆ: ‘ಬಿಲ್ ಬೇಕಾ ಮೇಡಂ? ಬೇಡ ಅಂದ್ರೆ ಐದು ಸಾವಿರ ಕಮ್ಮಿ ಮಾಡ್ಕೊಡ್ತೀನಿ.’ ಮನೆಯಿಂದಲೇ ಸ್ವಂತವಾಗಿ ಕೆಲಸ ಮಾಡುವವರು ಇದಕ್ಕೆ ‘ಆಗಲಿ’ ಎನ್ನುವ ಮೊದಲು ಒಂದು ಲೆಕ್ಕ ಹಾಕಬೇಕು.

ಮೈಸೂರಿನ ಒಬ್ಬ ಅನುವಾದಕಿಯನ್ನೇ ತೆಗೆದುಕೊಳ್ಳೋಣ. ಕಂಪನಿಗಳಿಗೆ ಕೆಲಸ ಮಾಡಿಕೊಟ್ಟು 2025-26ರಲ್ಲಿ ಆಕೆ ಪಡೆದದ್ದು 12 ಲಕ್ಷದ 80 ಸಾವಿರ ರೂಪಾಯಿ. ತೆರಿಗೆ ಬೀಳುವುದು ಈ ಪೂರ್ತಿ ಮೊತ್ತದ ಮೇಲಲ್ಲ, ಕೆಲಸಕ್ಕಾಗಿಯೇ ಮಾಡಿದ ಖರ್ಚು ಕಳೆದು ಉಳಿದ ಲಾಭದ ಮೇಲೆ. ಹೊಸ ತೆರಿಗೆ ಪದ್ಧತಿಯಲ್ಲಿ ವಿಮೆ, ಪಿಪಿಎಫ್‌ನಂಥ ವಿನಾಯಿತಿಗಳು ಹೋಗಿವೆ ನಿಜ. ವೃತ್ತಿಯ ಖರ್ಚು ಕಳೆಯುವ ಹಕ್ಕು ಹೋಗಿಲ್ಲ.

ಆಕೆಯ ಮೊದಲ ಖರ್ಚು ಸಾಫ್ಟ್‌ವೇರ್‌ನದು. ವರ್ಷದ ಚಂದಾ 18 ಸಾವಿರ. ಅದನ್ನು ಕೆಲಸಕ್ಕಷ್ಟೇ ಬಳಸುವುದರಿಂದ ಪೂರ್ತಿ ಕಳೆಯಬಹುದು. ಇಂಟರ್ನೆಟ್‌ಗೆ ತಿಂಗಳಿಗೆ ಸಾವಿರದಂತೆ ವರ್ಷಕ್ಕೆ 12 ಸಾವಿರ ಕಟ್ಟುತ್ತಾರೆ. ಆದರೆ ಅದರಲ್ಲೇ ಮನೆಯವರು ಸಿನಿಮಾ ನೋಡುತ್ತಾರೆ. ಹಾಗಾಗಿ ಕೆಲಸದ ಪಾಲು ಶೇ. 80 ಎಂದು ಇಟ್ಟು 9,600 ಮಾತ್ರ ಬರೆದುಕೊಳ್ಳುತ್ತಾರೆ. ಮನೆ ಬಾಡಿಗೆ ವರ್ಷಕ್ಕೆ 1,44,000. ಮನೆಯ ಕಾಲು ಭಾಗದಷ್ಟಿರುವ ಕೋಣೆ ಕಚೇರಿಯಾಗಿದೆ, ಅದರ ಪಾಲು 36 ಸಾವಿರ.

ಲ್ಯಾಪ್‌ಟಾಪಿನ ಲೆಕ್ಕ ಬೇರೆ. ಅದು ಹಲವು ವರ್ಷ ಬಾಳುವ ವಸ್ತು, ಆದ್ದರಿಂದ ಬೆಲೆಯನ್ನು ಒಂದೇ ವರ್ಷದಲ್ಲಿ ಕಳೆಯುವಂತಿಲ್ಲ. ವರ್ಷವರ್ಷವೂ ಸವಕಳಿ ಎಂದು ಒಂದೊಂದು ಪಾಲು ಕಳೆಯಬೇಕು. ಕಂಪ್ಯೂಟರಿಗೆ ಇದು ಶೇ. 40, ಮೇಜು ಕುರ್ಚಿಗೆ ಶೇ. 10. ಅರವತ್ತು ಸಾವಿರಕ್ಕೆ 24 ಸಾವಿರ ಸವಕಳಿ. ಇದರಲ್ಲೂ ಕೆಲಸದ ಬಳಕೆ ಶೇ. 80 ಎಂದರೆ 19,200. ಮುಂದಿನ ವರ್ಷ ಉಳಿದ ಮೌಲ್ಯದ ಮೇಲೆ ಮತ್ತೆ ಶೇ. 40.

ಎಲ್ಲ ಕೂಡಿದರೆ 82,800. ಲಾಭ 11,97,200ಕ್ಕೆ ಇಳಿಯಿತು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ತೆರಿಗೆ ಸೊನ್ನೆ. ಲ್ಯಾಪ್‌ಟಾಪಿನ ಬಿಲ್ ಒಂದು ಇಲ್ಲದಿದ್ದರೆ? ಲಾಭ 12,16,400 ಆಗಿ, ಸೆಸ್ ಸೇರಿ 17,056 ರೂಪಾಯಿ ತೆರಿಗೆ ಬೀಳುತ್ತದೆ. ಐದು ಸಾವಿರ ಉಳಿಸಲು ಹೋಗಿ ಹದಿನೇಳು ಸಾವಿರ ಕಳೆದುಕೊಂಡಂತೆ.

ಕೊಂಡ ತಿಂಗಳೂ ಮುಖ್ಯ. ಮಾರ್ಚ್ 31ರ ಹೊತ್ತಿಗೆ ವಸ್ತು ಬಳಕೆಗೆ ಬಂದು 180 ದಿನ ಆಗಿರದಿದ್ದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಅದೇ ಲ್ಯಾಪ್‌ಟಾಪನ್ನು ನವೆಂಬರಿನಲ್ಲಿ ಕೊಂಡಿದ್ದರೆ ಸಿಗುತ್ತಿದ್ದದ್ದು 9,600. ಆಗ 7,072 ರೂಪಾಯಿ ತೆರಿಗೆ ಕಟ್ಟಬೇಕಿತ್ತು.

ವಕೀಲರು, ವೈದ್ಯರು, ಎಂಜಿನಿಯರುಗಳು, ಐಟಿ ಪರಿಣತರಂಥ ಕೆಲವು ವೃತ್ತಿಯವರಿಗೆ ಇನ್ನೊಂದು ಸುಲಭದ ದಾರಿಯಿದೆ. ವರ್ಷದ ಗಳಿಕೆ 50 ಲಕ್ಷ ದಾಟದಿದ್ದರೆ ಅದರ ಅರ್ಧವನ್ನೇ ಆದಾಯವೆಂದು ತೋರಿಸಬಹುದು. ಆದರೆ ಹಾಗೆ ಮಾಡಿದವರು ಇಂಟರ್ನೆಟ್, ಸವಕಳಿ ಎಂದು ಮತ್ತೆ ಬೇರೆ ಖರ್ಚು ಕಳೆಯುವಂತಿಲ್ಲ. ಅನುವಾದಕರ ಹೆಸರು ಆ ಪಟ್ಟಿಯಲ್ಲಿಲ್ಲ. ನಿಮ್ಮ ವೃತ್ತಿ ಅದರಲ್ಲಿದೆಯೇ ಎಂದು ಆಡಿಟರನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ದಾಖಲೆ. ಯುಪಿಐ ಸ್ಕ್ರೀನ್‌ಶಾಟ್ ಇದೆಯಲ್ಲ ಎಂದು ಬಹಳ ಮಂದಿ ನೆಮ್ಮದಿಯಾಗಿರುತ್ತಾರೆ. ಹಣ ಯಾರಿಗೆ ಹೋಯಿತು ಎಂದು ಅದು ಹೇಳುತ್ತದೆ, ಏನು ಕೊಂಡಿರಿ ಎಂದು ಹೇಳುವುದಿಲ್ಲ. ನಿಮ್ಮ ಹೆಸರಿನ ಬಿಲ್ಲೇ ಬೇಕು. ಅಂಗಡಿಯ ಯಂತ್ರ ಕೊಡುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಂದೇ ಫೋಟೊ ತೆಗೆದಿಡಿ. ಒಬ್ಬರಿಗೆ ಒಂದೇ ದಿನ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ, ಬಿಲ್ ಇದ್ದರೂ ಆ ಖರ್ಚು ಲೆಕ್ಕಕ್ಕೆ ಸೇರುವುದಿಲ್ಲ.

ಕೆಲಸದ ಹಣಕ್ಕೆ ಬೇರೆಯೇ ಬ್ಯಾಂಕ್ ಖಾತೆ ಇದ್ದರೆ ಅರ್ಧ ಗೊಂದಲ ತಪ್ಪುತ್ತದೆ. ಒಂದು ಎಕ್ಸೆಲ್ ಹಾಳೆಯಲ್ಲಿ ದಿನಾಂಕ, ಯಾರಿಗೆ, ಯಾತಕ್ಕೆ, ಎಷ್ಟು, ಹೇಗೆ ಕೊಟ್ಟದ್ದು, ಕೆಲಸದ ಪಾಲು ಎಷ್ಟು ಎಂದು ಆರು ಕಾಲಂ ಸಾಕು. ಪಾಲನ್ನು ಯಾವ ಆಧಾರದ ಮೇಲೆ ಹಾಕಿದಿರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ; ನೋಟಿಸ್ ಬಂದರೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಬಾಡಿಗೆ ಕರಾರುಪತ್ರ, ಬಿಲ್ಲುಗಳನ್ನು ಏಳೆಂಟು ವರ್ಷ ಎಸೆಯಬೇಡಿ.

ಅಂಗಡಿಯವರು ಇನ್ನೊಮ್ಮೆ ಕೇಳಿದರೆ, ಬಿಲ್ ಬೇಕು ಅನ್ನಿ.