ಮೀಟರಿನ ಅಂಕಿಯಿಂದ ತಿಂಗಳ ಲೆಕ್ಕಕ್ಕೆ

ಅಪಾರ್ಟ್‌ಮೆಂಟಿನ ನೀರು-ವಿದ್ಯುತ್ ಡ್ಯಾಶ್‌ಬೋರ್ಡ್ ಎಂದರೆ ಪ್ರತಿ ತಿಂಗಳು ಎಷ್ಟು ಖರ್ಚಾಯಿತು, ಎಲ್ಲಿ ಖರ್ಚಾಯಿತು ಎಂಬುದನ್ನು ನಿವಾಸಿಗಳ ಮುಂದಿಡುವ ಒಂದು ಪುಟ. ಬೆಂಗಳೂರಿನ ಬಹುತೇಕ ಸಮುಚ್ಚಯಗಳಲ್ಲಿ ಇದರ ಅಗತ್ಯ ಹುಟ್ಟುವುದು ನೀರಿನಿಂದಲೇ. ವಿದ್ಯುತ್ತಿಗಾದರೆ ಸಾಮಾನ್ಯವಾಗಿ ಮನೆಮನೆಗೂ ಬೆಸ್ಕಾಂ ಮೀಟರ್ ಇರುತ್ತದೆ, ಬಿಲ್ಲೂ ನೇರವಾಗಿ ಬರುತ್ತದೆ. ಸಂಘದ ಪಾಲಿಗೆ ಬರುವುದು ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಮೀಟರು ಮಾತ್ರ. ನೀರು ಹಾಗಲ್ಲ. ಜಲಮಂಡಳಿಯ ಕಾವೇರಿ ನೀರಿಗೆ ಇಡೀ ಸಮುಚ್ಚಯಕ್ಕೆ ಒಂದೇ ಬಿಲ್ಲು, ಅದು ಸಾಲದಾದಾಗ ಟ್ಯಾಂಕರ್ ಖರ್ಚು ಬೇರೆ. ಅದನ್ನು ಹಂಚಲು ಫ್ಲ್ಯಾಟುಗಳಿಗೆ ಒಳಮೀಟರ್ ಹಾಕಿಸಬೇಕು. ಆ ಮೀಟರ್ ಪೂರೈಸಿದ ಸಂಸ್ಥೆ ನಿತ್ಯವೂ ಕಳಿಸುವ ರೀಡಿಂಗ್ ಕಡತವೇ ಡ್ಯಾಶ್‌ಬೋರ್ಡಿನ ಆಹಾರ.

ಆ ಕಡತ ಸಾಮಾನ್ಯವಾಗಿ ಹೀಗಿರುತ್ತದೆ:

```
meter_id,flat,read_time,reading_kl
W2041,304,2025-08-01 00:05,123.0
W2042,304,2025-08-01 00:05,296.9
```

ಇದರಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. 304ನೇ ಫ್ಲ್ಯಾಟಿಗೆ ಎರಡು ಮೀಟರುಗಳಿವೆ. ಅಡುಗೆಮನೆಗೆ ಒಂದು ಕೊಳವೆ, ಬಚ್ಚಲಿಗೆ ಇನ್ನೊಂದು ಎಂದು ನೀರು ಬೇರೆಬೇರೆ ದಾರಿಯಲ್ಲಿ ಇಳಿಯುವ ಕಟ್ಟಡಗಳಲ್ಲಿ ಒಂದು ಮನೆಗೆ ಮೂರು ನಾಲ್ಕು ಮೀಟರುಗಳೂ ಬೇಕಾಗುತ್ತವೆ. ಎರಡನೆಯದಾಗಿ, 123.0 ಎಂಬುದು ಆ ತಿಂಗಳ ಬಳಕೆಯಲ್ಲ. ಮೀಟರ್ ಕೂರಿಸಿದ ದಿನದಿಂದ ಹರಿದ ಒಟ್ಟು ನೀರು, ಕಿಲೋಲೀಟರಿನಲ್ಲಿ. ಒಂದು ಕಿಲೋಲೀಟರ್ ಎಂದರೆ ಸಾವಿರ ಲೀಟರ್. ತಿಂಗಳ ಬಳಕೆ ಬೇಕಾದರೆ ಮುಂದಿನ ತಿಂಗಳ ಮೊದಲ ರೀಡಿಂಗಿನಿಂದ ಈ ತಿಂಗಳ ಮೊದಲ ರೀಡಿಂಗನ್ನು ಕಳೆಯಬೇಕು.

ಒಂದು ಕಾಲ್ಪನಿಕ ಲೆಕ್ಕವನ್ನು ಪೂರ್ತಿ ನೋಡಬಹುದು. ಜುಲೈ 1ರಂದು ಅಡುಗೆಮನೆಯ ಮೀಟರ್ 118.2, ಬಚ್ಚಲಿನದು 287.4 ತೋರಿಸಿತ್ತು. ಆಗಸ್ಟ್ 1ಕ್ಕೆ ಅವು 123.0 ಮತ್ತು 296.9 ಆದವು. ಜುಲೈ ಬಳಕೆ 4.8 ಮತ್ತು 9.5, ಒಟ್ಟು 14.3 ಕಿಲೋಲೀಟರ್. 31 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 461 ಲೀಟರ್. ಮನೆಯಲ್ಲಿ ನಾಲ್ವರಿದ್ದರೆ ತಲೆಗೆ 115 ಲೀಟರ್. ನಗರಗಳ ನೀರು ಪೂರೈಕೆಗೆ ಭಾರತದಲ್ಲಿ ಬಳಸುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ಹಾಗಾಗಿ ಈ ಮನೆಯ ಬಳಕೆ ಹಿತಮಿತವಾಗಿಯೇ ಇದೆ.

ಆಗಸ್ಟಿನಲ್ಲಿ ತೊಡಕು ಬರುತ್ತದೆ. ಬಚ್ಚಲಿನ ಮೀಟರಿನ ರೇಡಿಯೊ ಸಂಕೇತ ಆಗಸ್ಟ್ 29ರ ನಂತರ ನಿಂತು, ಸೆಪ್ಟೆಂಬರ್ 4ಕ್ಕೆ ಮರಳಿತು ಎಂದುಕೊಳ್ಳೋಣ. ಸೆಪ್ಟೆಂಬರ್ 1ರ ರೀಡಿಂಗೇ ಕಡತದಲ್ಲಿಲ್ಲ. ಖಾಲಿ ಜಾಗವನ್ನು ಸೊನ್ನೆ ಬಳಕೆ ಎಂದು ಎಣಿಸುವ ಡ್ಯಾಶ್‌ಬೋರ್ಡಿನಲ್ಲಿ ಆ ಮನೆಯ ಆಗಸ್ಟ್ ಲೆಕ್ಕ ಅಡುಗೆಮನೆಯ 4.9 ಕಿಲೋಲೀಟರ್ ಮಾತ್ರ. ಆ ಮನೆಯವರು ಮೂರರಲ್ಲಿ ಎರಡು ಪಾಲು ನೀರು ಉಳಿಸಿದಂತೆ ಪುಟದಲ್ಲಿ ಕಾಣುತ್ತದೆ! ಲೆಕ್ಕ ಹೆಚ್ಚಾದರೆ ನಿವಾಸಿ ಅಂದೇ ದೂರುತ್ತಾನೆ. ಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಈ ಬಗೆಯ ಪುಟಗಳಲ್ಲಿ ಅತ್ಯಂತ ಅಪಾಯಕಾರಿ ತಪ್ಪು ಇದೇ, ಏಕೆಂದರೆ ಆ ಮನೆಯ ಬಾಕಿ ಉಳಿದವರ ಮೇಲೆ ಸದ್ದಿಲ್ಲದೆ ಹಂಚಿಕೆಯಾಗುತ್ತದೆ.

ಸರಿಯಾದ ದಾರಿ ಎಂದರೆ ಅಂತರವನ್ನು ದಿನಗಳ ಮೇಲೆ ಹರಡುವುದು. ಆಗಸ್ಟ್ 29ರ ರೀಡಿಂಗ್ 305.2, ಸೆಪ್ಟೆಂಬರ್ 4ರದು 307.0, ಆರು ದಿನಕ್ಕೆ 1.8, ದಿನಕ್ಕೆ 0.3. ಮೂರು ದಿನ ಕೂಡಿಸಿದರೆ ಸೆಪ್ಟೆಂಬರ್ 1ರ ಅಂದಾಜು 306.1. ಆಗ ಬಚ್ಚಲಿನ ಬಳಕೆ 9.2, ಮನೆಯದು 14.1 ಕಿಲೋಲೀಟರ್. ಇದು ಅಂದಾಜು ಎಂಬುದು ಪುಟದಲ್ಲಿ ಬೇರೆ ಬಣ್ಣದಲ್ಲೋ ಒಂದು ಗುರುತಿನಿಂದಲೋ ಕಾಣಲೇಬೇಕು. ಪ್ರತಿ ಫ್ಲ್ಯಾಟಿಗೆ ಎಷ್ಟು ಮೀಟರ್ ಇರಬೇಕೆಂಬ ಪಟ್ಟಿಯೊಂದನ್ನು ಪ್ರತ್ಯೇಕವಾಗಿ ಇಟ್ಟು, ಅಷ್ಟೂ ಮೀಟರುಗಳ ಲೆಕ್ಕ ಬಾರದೆ ಮೊತ್ತವನ್ನೇ ತೋರಿಸದಿರುವುದು ಇನ್ನೂ ಒಳ್ಳೆಯದು.

ಮೀಟರ್ ಬದಲಾದಾಗಿನ ತಪ್ಪು ಕಣ್ಣಿಗೆ ಹೊಡೆಯುವಂಥದ್ದು. ಸೆಪ್ಟೆಂಬರ್ 22ರಂದು ಅಡುಗೆಮನೆಯ ಹಳೆಯ ಮೀಟರನ್ನು 131.4ರಲ್ಲಿ ಬಿಚ್ಚಿ, ಹೊಸದನ್ನು ಸೊನ್ನೆಯಿಂದ ಶುರುಮಾಡಿದರೆ ಅಕ್ಟೋಬರ್ 1ಕ್ಕೆ ಹೊಸದು 1.4 ತೋರಿಸಬಹುದು. ಸೆಪ್ಟೆಂಬರ್ 1ರ ರೀಡಿಂಗ್ 127.9. ಫ್ಲ್ಯಾಟ್ ಸಂಖ್ಯೆ ಹಿಡಿದು ಕಳೆದರೆ ಬಳಕೆ ಋಣ 126.5! ಕಳೆಯುವುದನ್ನು ಮೀಟರ್ ಸಂಖ್ಯೆ ಹಿಡಿದು ಮಾಡಬೇಕು, ಫ್ಲ್ಯಾಟಿನಂತೆ ಕೂಡಿಸುವುದು ಆಮೇಲೆ. ಹಳೆಯದರ 3.5 ಮತ್ತು ಹೊಸದರ 1.4 ಸೇರಿ 4.9 ಸಿಗುತ್ತದೆ. ಬಿಚ್ಚುವಾಗಿನ ಕೊನೆಯ ರೀಡಿಂಗನ್ನು ಪ್ಲಂಬರ್ ಫೋಟೊ ತೆಗೆದಿಡದಿದ್ದರೆ ಈ ಲೆಕ್ಕ ಕರಾರುವಾಕ್ಕಾಗಿ ಸಿಗುವುದಿಲ್ಲ.

ತಾನಾಗಿ ನವೀಕರಣಗೊಳ್ಳುವ ವ್ಯವಸ್ಥೆ ಇದಕ್ಕಿಂತ ಸರಳ. ಸಂಸ್ಥೆಯ ಕಡತ ಇಮೇಲಿಗೋ ಡ್ರೈವ್ ಫೋಲ್ಡರಿಗೋ ಬಂದು ಬೀಳುತ್ತದೆ. ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್ ಬೆಳಗಿನ ನಿಗದಿತ ಹೊತ್ತಿಗೆ ಅದನ್ನು ತೆರೆದು ಹೊಸ ಸಾಲುಗಳನ್ನು ಕಚ್ಚಾ ಹಾಳೆಗೆ ಸೇರಿಸುತ್ತದೆ. ಎಕ್ಸೆಲ್ ಬಳಸುವವರು ಪವರ್ ಕ್ವೆರಿಯಿಂದ ಇಡೀ ಫೋಲ್ಡರನ್ನೇ ಓದಿಸಬಹುದು. ಒಂದೇ ಕಡತ ಎರಡು ಸಲ ಬರುವುದುಂಟು. ಆದ್ದರಿಂದ ಮೀಟರ್ ಸಂಖ್ಯೆ ಮತ್ತು ರೀಡಿಂಗಿನ ಸಮಯ ಎರಡೂ ಹಳೆಯ ಸಾಲಿಗೆ ಹೊಂದಿದರೆ ಹೊಸ ಸಾಲನ್ನು ಬಿಡಬೇಕು. ಕಚ್ಚಾ ಹಾಳೆಯನ್ನು ಯಾರೂ ಕೈಯಿಂದ ತಿದ್ದಬಾರದು. ತಿದ್ದುಪಡಿಗಳು ದಿನಾಂಕ ಮತ್ತು ಕಾರಣದೊಂದಿಗೆ ಬೇರೆ ಹಾಳೆಯಲ್ಲಿರಬೇಕು. ದಿನಾಂಕವನ್ನು ಮೇಲಿನ ಮಾದರಿಯಂತೆ ವರ್ಷದಿಂದ ಶುರುಮಾಡಿ ಕಳಿಸಲು ಸಂಸ್ಥೆಗೆ ಹೇಳುವುದು ಲೇಸು. 03/09/2025 ಎಂದು ಬಂದರೆ ಅಮೆರಿಕದ ಕ್ರಮಕ್ಕೆ ಹೊಂದಿಸಿದ ಶೀಟ್ ಅದನ್ನು ಮಾರ್ಚ್ 9 ಎಂದು ಓದುತ್ತದೆ. ಪುಟದ ಮೇಲೆ ತೋರಿಸುವ ದಿನಾಂಕವೂ ಸ್ಕ್ರಿಪ್ಟ್ ಓಡಿದ ದಿನದ್ದಲ್ಲ, ಕೊನೆಯ ರೀಡಿಂಗಿನದಾಗಿರಬೇಕು. ಹೊಸ ಕಡತ ಬಾರದ ದಿನವೂ ಸ್ಕ್ರಿಪ್ಟ್ ಯಶಸ್ವಿಯಾಗಿಯೇ ಓಡುತ್ತದೆ.

ವಿದ್ಯುತ್ತಿನ ಕಡೆ ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಪಂಪು, ಲಿಫ್ಟುಗಳ ಭಾರೀ ಕರೆಂಟು ಮೀಟರಿನ ಮೂಲಕ ನೇರವಾಗಿ ಹಾಯುವುದಿಲ್ಲ. ಸಿಟಿ ಎಂಬ ಟ್ರಾನ್ಸ್‌ಫಾರ್ಮರ್ ಅದನ್ನು ತಗ್ಗಿಸಿ ಕೊಡುತ್ತದೆ. 200/5 ಎಂದು ಬರೆದಿರುವ ಸಿಟಿಯಿದ್ದರೆ ಮೀಟರಿನ ವ್ಯತ್ಯಾಸವನ್ನು 40ರಿಂದ ಗುಣಿಸಬೇಕಾಗುತ್ತದೆ: 96.4 ಎಂದರೆ 3,856 ಯೂನಿಟ್. ಕೆಲವು ಮೀಟರುಗಳು ಗುಣಿಸಿಯೇ ಕೊಡುತ್ತವೆ. ಯಾವುದು ಎಂದು ತಿಳಿಯಲು ಬೆಸ್ಕಾಂನ ಒಂದು ಬಿಲ್ಲಿನ ಜೊತೆ, ಅದೇ ದಿನಾಂಕಗಳ ನಡುವೆ, ತಾಳೆ ನೋಡಿದರೆ ಸಾಕು.

ಪಂಪಿಗೆ ಪ್ರತ್ಯೇಕ ಮೀಟರ್ ಇದ್ದರೆ ನೀರು ಮತ್ತು ವಿದ್ಯುತ್ ಒಂದರ ಲೆಕ್ಕವನ್ನು ಇನ್ನೊಂದು ಪರೀಕ್ಷಿಸುತ್ತವೆ. ಒಂದು ಕಿಲೋಲೀಟರ್ ನೀರನ್ನು 40 ಮೀಟರ್ ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರ ಸುಮಾರು 0.11 ಯೂನಿಟ್ ಬೇಕು. ಪಂಪಿನ ದಕ್ಷತೆ ಅರ್ಧವಾದರೆ 0.22. ಮನೆಗಳ ಮೀಟರಿನ ಮೊತ್ತಕ್ಕೆ ಹೋಲಿಸಿದಾಗ ಈ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಪಂಪು ಸವೆಯುತ್ತಿರಬಹುದು, ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುತ್ತಿರಬಹುದು, ಇಲ್ಲವೇ ಮೀಟರುಗಳಿಗಿಂತ ಮುಂಚೆಯೇ ಕೊಳವೆ ಸೋರುತ್ತಿರಬಹುದು. ಮನೆಯೊಳಗಿನ ಸೋರಿಕೆ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಗಂಟೆಗಂಟೆಯ ರೀಡಿಂಗ್ ಬೇಕು: ನಡುರಾತ್ರಿ ಎರಡರಿಂದ ನಾಲ್ಕರವರೆಗೆ ಒಂದು ಮೀಟರ್ ಯಾವ ದಿನವೂ ನಿಲ್ಲದೆ ಓಡುತ್ತಿದ್ದರೆ ಫ್ಲಶ್ ಟ್ಯಾಂಕಿನ ವಾಲ್ವನ್ನು ಮೊದಲು ನೋಡಬೇಕು.

ಇಂಥ ಗಂಟೆಯ ವಿವರ ಆ ಮನೆಯವರಿಗೆ ಮಾತ್ರ ಕಾಣಬೇಕು. ಯಾವ ಮನೆಗೆ ಬೀಗ ಬಿದ್ದಿದೆ ಎಂಬುದನ್ನು ಸೊನ್ನೆಯ ಸಾಲು ಎಲ್ಲರಿಗೂ ಹೇಳಿಬಿಡುತ್ತದೆ. ಸಾರ್ವಜನಿಕ ಪುಟದಲ್ಲಿ ಸಮುಚ್ಚಯದ ಒಟ್ಟು ಬಳಕೆ, ಫ್ಲ್ಯಾಟುಗಳ ಸರಾಸರಿ ಮತ್ತು ರೀಡಿಂಗ್ ಬಾರದ ಮೀಟರುಗಳ ಸಂಖ್ಯೆ ಇದ್ದರೆ ಸಾಕು.